ಸ್ಥಾನಪಲ್ಲಟ: ಯಾವ ಲೋಹ ಯಾವುದನ್ನು ಹೊರಹಾಕುತ್ತದೆ?

ನೀರಿನಲ್ಲಿ ಕರಗಿದ ಲವಣದಲ್ಲಿರುವ ಲೋಹವನ್ನು ಬೇರೊಂದು ಲೋಹ ಹೊರಹಾಕಿ, ಆ ಜಾಗಕ್ಕೆ ತಾನೇ ಸೇರಿಕೊಂಡರೆ ಅದು ಸ್ಥಾನಪಲ್ಲಟ ಕ್ರಿಯೆ. ಯಾವುದು ಯಾವುದನ್ನು ಹೊರಹಾಕಬಲ್ಲದು ಎಂದು ಮೊದಲೇ ಹೇಳಲು ನೆರವಾಗುವ ಪಟ್ಟಿಗೆ ಕ್ರಿಯಾಶೀಲತೆಯ ಸರಣಿ ಎಂದು ಹೆಸರು. ಹತ್ತನೇ ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡುವ ಸಾಲು ಇದೇ: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಪಾದರಸ, ಬೆಳ್ಳಿ, ಚಿನ್ನ.

ನಿಯಮ ಸುಲಭ. ಮೇಲಿರುವ ಲೋಹ ತನಗಿಂತ ಕೆಳಗಿರುವ ಲೋಹವನ್ನು ಅದರ ಲವಣದ ದ್ರಾವಣದಿಂದ ಹೊರಹಾಕುತ್ತದೆ. ಕೆಳಗಿನದಕ್ಕೆ ಮೇಲಿನದನ್ನು ಕದಲಿಸಲು ಆಗುವುದಿಲ್ಲ. ಆದರೆ ಸಾಲು ಬಾಯಿಗೆ ಬಂದರೆ ಸಾಲದು, ಒಳಗೆ ಏನು ನಡೆಯುತ್ತದೆ ಎಂಬುದೂ ಗೊತ್ತಿರಬೇಕು. ಅದಕ್ಕೆ ನಮ್ಮ ಅಡಿಕೆ ತೋಟಗಳಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲೂ ಬೇರೆ ಬೇರೆ ಕರಗಿಸಿ, ಆಮೇಲೆ ಕಲಕುತ್ತಾ ಸೇರಿಸುತ್ತಾರೆ. ಹೊಡೆಯುವ ಮೊದಲು ಒಂದು ಪರೀಕ್ಷೆ ಮಾಡುವುದುಂಟು. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನೋ ಕತ್ತಿಯನ್ನೋ ಅದರಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು-ಕಂದು ಬಣ್ಣ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡುತ್ತಾರೆ. ಅಲಗು ಹೊಳಪಾಗಿಯೇ ಉಳಿದರೆ ದ್ರಾವಣ ಸಿದ್ಧ.

ಆ ಕೆಂಪು-ಕಂದು ಪದರ ತುಕ್ಕಲ್ಲ, ತಾಮ್ರ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದು ನೀರಿನಲ್ಲಿ ಕರಗಿದಾಗ ತಾಮ್ರ ಅಯಾನುಗಳಾಗಿ ತೇಲುತ್ತಿರುತ್ತದೆ. ನೀಲಿ ಬಣ್ಣ ಬರುವುದು ಅದರಿಂದಲೇ. ಸರಣಿಯಲ್ಲಿ ಕಬ್ಬಿಣ ತಾಮ್ರಕ್ಕಿಂತ ಮೇಲಿದೆ. ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವು ಅದಕ್ಕೆ ಜಾಸ್ತಿ. ಅಲಗಿನ ಒಂದು ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟು ನೀರಿಗೆ ಇಳಿಯುತ್ತದೆ. ಆ ಎರಡನ್ನೂ ಒಂದು ತಾಮ್ರದ ಅಯಾನು ಪಡೆದುಕೊಂಡು ಲೋಹವಾಗಿ ಅಲಗಿಗೆ ಅಂಟುತ್ತದೆ.

`Fe + CuSO4 → FeSO4 + Cu`

ಇಡೀ ವ್ಯವಹಾರ ನಡೆಯುವುದು ಕಬ್ಬಿಣ ಮತ್ತು ತಾಮ್ರದ ನಡುವೆ. ಸಲ್ಫೇಟ್ ಇದರಲ್ಲಿ ಕೈಹಾಕುವುದೇ ಇಲ್ಲ. ಹಾಗಾಗಿ ಪ್ರಶ್ನೆ ಬಿಡಿಸುವಾಗ ಸಲ್ಫೇಟೋ ನೈಟ್ರೇಟೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎರಡು ಲೋಹಗಳ ಜಾಗ ನೋಡಿದರೆ ಆಯಿತು. ತಿರುಗಿಸಿಯೂ ನೋಡಬಹುದು. ಕಬ್ಬಿಣದ ಸಲ್ಫೇಟ್ ಅಂದರೆ ನಮ್ಮ ಅನ್ನಭೇದಿ. ಅದರ ದ್ರಾವಣದಲ್ಲಿ ತಾಮ್ರದ ತಂತಿಯನ್ನು ಇಳಿಬಿಟ್ಟರೆ, ತಾಮ್ರ ಕಬ್ಬಿಣಕ್ಕಿಂತ ಕೆಳಗಿರುವುದರಿಂದ ತಂತಿಯ ಮೇಲೆ ಕಬ್ಬಿಣ ಕೂರುವುದಿಲ್ಲ. ಅದೇ ತಂತಿಯನ್ನು ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಇಟ್ಟರೆ ಬೆಳ್ಳಿಯ ಹರಳುಗಳು ತಂತಿಗೆ ಹತ್ತಿಕೊಂಡು ಬೆಳೆಯುತ್ತವೆ, ನೀರು ನಿಧಾನವಾಗಿ ನೀಲಿಯಾಗುತ್ತದೆ. ಅಲ್ಲಿ ಮೇಲಿರುವುದು ತಾಮ್ರ.

ಈಗ ತೋಟಕ್ಕೆ ವಾಪಸ್ ಬರೋಣ. ಸುಣ್ಣ ಸಾಕಷ್ಟು ಬಿದ್ದ ಮೇಲೆ ಅಲಗಿಗೆ ಬಣ್ಣ ಏಕೆ ಹತ್ತುವುದಿಲ್ಲ? ತಾಮ್ರ ಎಲ್ಲಿಗೂ ಹೋಗಿಲ್ಲ, ಆ ಡ್ರಮ್ಮಿನಲ್ಲೇ ಇದೆ. ಸುಣ್ಣದ ಜೊತೆ ಸೇರಿ ಅದು ನೀರಿನಲ್ಲಿ ಕರಗದ ನೀಲಿ ಕಣಗಳಾಗಿದೆ, ಅಷ್ಟೆ. ಸರಣಿ ಮಾತಾಡುವುದು ನೀರಿನಲ್ಲಿ ಬಿಡುವಾಗಿ ಓಡಾಡುವ ಅಯಾನುಗಳ ಬಗ್ಗೆ. ಚಾಕು ಹುಡುಕುವುದೂ ಅದನ್ನೇ. ಬಿಡುವಾಗಿರುವ ತಾಮ್ರ ಉಳಿದಿದ್ದರೆ ಅದು ಎಳೆಯ ಅಡಿಕೆಯನ್ನೂ ಎಲೆಯನ್ನೂ ಸುಡುತ್ತದೆ. ಪರೀಕ್ಷೆ ಇರುವುದು ಅದಕ್ಕೇ.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ ಇದೆ, ನನಗೆ ಬಹಳ ಇಷ್ಟವಾದ ಪ್ರಶ್ನೆ ಅದು. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಕ್ಯಾಲ್ಸಿಯಂ ಸರಣಿಯಲ್ಲಿ ತಾಮ್ರಕ್ಕಿಂತ ಎಷ್ಟೋ ಮೇಲಿದೆ, ಹಾಗಾದರೆ ಇದೂ ಸ್ಥಾನಪಲ್ಲಟ ಅಲ್ವಾ? ಅಲ್ಲ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಆಗಲೇ ಎಲೆಕ್ಟ್ರಾನ್ ಕಳೆದುಕೊಂಡು ಕೂತಿದೆ. ಕೊಡಲು ಅದರ ಬಳಿ ಏನೂ ಉಳಿದಿಲ್ಲ. ಹೊರಹಾಕುವ ಲೋಹ ಲೋಹದ ರೂಪದಲ್ಲೇ ಇರಬೇಕು.

ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಲೆಕ್ಕ ಹಾಕಿ ನೋಡಿ. 1 ಕಿಲೋ ಮೈಲುತುತ್ತದಲ್ಲಿ ಸುಮಾರು 254 ಗ್ರಾಂ ತಾಮ್ರ ಇರುತ್ತದೆ, ಉಳಿದದ್ದು ಸಲ್ಫೇಟ್ ಮತ್ತು ಹರಳಿನೊಳಗಿನ ನೀರು. ತಾಮ್ರದ ಪರಮಾಣು ತೂಕ 63.5, ಕಬ್ಬಿಣದ್ದು 56. ಒಂದಕ್ಕೆ ಒಂದು ಎಂಬ ಲೆಕ್ಕದಲ್ಲಿ 254 ಗ್ರಾಂ ತಾಮ್ರ ಪೂರ್ತಿ ಹೊರಬರಲು ಸುಮಾರು 224 ಗ್ರಾಂ ಕಬ್ಬಿಣ ಕರಗಬೇಕು. ಅಷ್ಟೂ ಒಂದೇ ಸಲ ಕರಗದಿರಬಹುದು, ಏಕೆಂದರೆ ಮೇಲೆ ಕೂತ ತಾಮ್ರವೇ ಕೆಳಗಿನ ಕಬ್ಬಿಣವನ್ನು ಸ್ವಲ್ಪ ಮುಚ್ಚುತ್ತದೆ. ಆದರೂ ಪಾತ್ರೆ ಸವೆಯುತ್ತದೆ, ಔಷಧಿಗೆ ಬೇಕಾದ ತಾಮ್ರವೂ ಕಮ್ಮಿಯಾಗುತ್ತದೆ. ಸತುವಿನ ಲೇಪ ಇರುವ ಜಿ.ಐ. ಬಕೆಟ್ ಸುರಕ್ಷಿತ ಎಂದುಕೊಳ್ಳಬೇಡಿ. ಸತು ಕಬ್ಬಿಣಕ್ಕಿಂತಲೂ ಮೇಲಿದೆ. ಪ್ಲಾಸ್ಟಿಕ್ ಡ್ರಮ್ಮೇ ಒಳ್ಳೆಯದು.

ಚಾಕು ಪರೀಕ್ಷೆ ಮೋಸ ಮಾಡುವುದು ಚಾಕುವಿನ ಮೈಯಿಂದ. ತುಕ್ಕು ಹಿಡಿದ ಅಲಗಿನಲ್ಲಿ ತುಕ್ಕು ಯಾವುದು, ತಾಮ್ರ ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಮರಳುಕಾಗದದಿಂದ ಉಜ್ಜುವುದು. ಸ್ಟೇನ್‌ಲೆಸ್ ಸ್ಟೀಲ್ ಚಾಕು ಅದ್ದಿದರೆ ಇನ್ನೂ ಕಷ್ಟ. ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಇರುತ್ತದೆ. ತಾಮ್ರ ಬಿಡುವಾಗಿದ್ದರೂ ಅಲಗು ಹೊಳೆಯುತ್ತಲೇ ಇರಬಹುದು, ನೀವು ದ್ರಾವಣ ಸರಿಯಾಗಿದೆ ಎಂದುಕೊಂಡು ಹೊಡೆದುಬಿಡಬಹುದು.

ಅಲ್ಯೂಮಿನಿಯಂ ಕೂಡ ಇದೇ ಜಾತಿಯದು. ಸರಣಿಯ ಪ್ರಕಾರ ಅದು ಕಬ್ಬಿಣಕ್ಕಿಂತ ಜೋರಾಗಿ ತಾಮ್ರವನ್ನು ಹೊರಹಾಕಬೇಕು. ಆದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಚೂರನ್ನು ಮೈಲುತುತ್ತದ ನೀರಿಗೆ ಹಾಕಿದರೆ ಮೊದಮೊದಲು ಏನೂ ಕಾಣುವುದಿಲ್ಲ. ಆಕ್ಸೈಡಿನ ಪೊರೆ ಅಡ್ಡ ನಿಂತಿರುತ್ತದೆ. ಒಂದು ಚಮಚ ಉಪ್ಪು ಹಾಕಿ ಕಲಕಿ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಮುರಿಯುತ್ತದೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳುತ್ತದೆ, ಲೋಟ ಬಿಸಿಯಾಗುತ್ತದೆ, ಹಾಳೆ ತೂತುಬಿದ್ದು ಕೆಂಪು-ಕಂದು ಪುಡಿ ತಳಕ್ಕೆ ಇಳಿಯುತ್ತದೆ. ಮೈಲುತುತ್ತ ವಿಷ, ಹಾಗಾಗಿ ಇದನ್ನು ಅಡುಗೆಯ ಲೋಟದಲ್ಲಿ ಮಾಡಬಾರದು.

ಸರಣಿಯ ತುತ್ತತುದಿಯಲ್ಲಿ ಇನ್ನೊಂದು ತೊಡಕು. ಸೋಡಿಯಂ ತಾಮ್ರಕ್ಕಿಂತ ಮೇಲಿದೆ ಎಂದು ಅದನ್ನು ಮೈಲುತುತ್ತದ ದ್ರಾವಣಕ್ಕೆ ಹಾಕಿದರೆ ತಾಮ್ರ ಸಿಗುತ್ತದೆಯೇ? ಸಿಗುವುದಿಲ್ಲ. ಸೋಡಿಯಂ ಮೊದಲು ನೀರಿನ ಮೇಲೇ ಬೀಳುತ್ತದೆ. ಹೈಡ್ರೋಜನ್ ಬರುತ್ತದೆ, ಅದು ಹತ್ತಿಕೊಳ್ಳಲೂಬಹುದು. ಆಗ ಉಂಟಾದ ಕ್ಷಾರ ತಾಮ್ರದ ಜೊತೆ ಸೇರಿ ನೀಲಿ ಗಸಿ ಕೊಡುತ್ತದೆ, ಸುಣ್ಣ ಹಾಕಿದಾಗ ಆದ ಹಾಗೆಯೇ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಥೆಯೂ ಇದೇ. ನೀರಿನ ದ್ರಾವಣದ ಪ್ರಶ್ನೆಗಳಲ್ಲಿ ಈ ನಿಯಮವನ್ನು ಮೆಗ್ನೀಷಿಯಂನಿಂದ ಕೆಳಕ್ಕೆ ಮಾತ್ರ ಬಳಸಿ.