ಓದುಗರ ಪ್ರಶ್ನೆ: ಪುಡಿ ಓಡುತ್ತಿರುವುದು ಹೆಸರಿನಿಂದಲೋ, ಸ್ಕೀಮಿನಿಂದಲೋ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಫಿಲ್ಟರ್ ಕಾಫಿ ಪುಡಿಯ ಮಧ್ಯಮ ಗಾತ್ರದ ಕಂಪನಿ. ದರ್ಶಿನಿಗಳಿಗೂ ಕಿರಾಣಿ ಅಂಗಡಿಗಳಿಗೂ ಪುಡಿ ಕೊಡುತ್ತೇವೆ. ಮಾರಾಟ ಚೆನ್ನಾಗಿಯೇ ಇದೆ, ಆದರೆ ನಮ್ಮ ಬ್ರಾಂಡ್‌ಗೆ ನಿಜವಾಗಿ ಎಷ್ಟು ಬಲವಿದೆ ಎಂಬುದು ತಿಳಿಯುತ್ತಿಲ್ಲ. ದೊಡ್ಡ ಸಂಶೋಧನಾ ಸಂಸ್ಥೆಗೆ ಹಣ ಸುರಿಯದೆ ಇದನ್ನು ಅಳೆಯಲು ಸಾಧ್ಯವೆ?

ಉತ್ತರ: ಸಾಧ್ಯ. ಆದರೆ ನೀವು ಕೇಳುತ್ತಿರುವುದು ಬ್ರಾಂಡ್‌ನ ರೂಪಾಯಿ ಮೌಲ್ಯವನ್ನಲ್ಲ ಎಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಕಂಪನಿಯು ತಾನೇ ಬೆಳೆಸಿಕೊಂಡ ಬ್ರಾಂಡನ್ನು ಆಸ್ತಿಪಟ್ಟಿಯಲ್ಲಿ ತೋರಿಸಲು ಲೆಕ್ಕಪತ್ರದ ಮಾನದಂಡಗಳು ಅವಕಾಶ ಕೊಡುವುದಿಲ್ಲ. ಆ ಮೌಲ್ಯಮಾಪನದ ಅಗತ್ಯ ಬರುವುದು ಹೆಚ್ಚಾಗಿ ಕಂಪನಿಯನ್ನು ಮಾರುವಾಗ. ನಿಮಗೆ ಬೇಕಾಗಿರುವುದು ಗ್ರಾಹಕರ ಮನಸ್ಸಿನಲ್ಲಿರುವ ಬಲ. ಅದನ್ನು ಅರಿವು, ಹೆಸರಿನೊಡನೆ ನೆನಪಾಗುವ ಸಂಗತಿಗಳು, ಗ್ರಾಹಕರು ಭಾವಿಸುವ ಗುಣಮಟ್ಟ ಮತ್ತು ನಿಷ್ಠೆ ಎಂಬ ನಾಲ್ಕು ಭಾಗಗಳಲ್ಲಿ ನೋಡುವ ಕ್ರಮವು 1990ರ ದಶಕದಿಂದ ರೂಢಿಯಲ್ಲಿದೆ. ಈ ನಾಲ್ಕನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಒಂದೇ ಅಂಕಿ ತೆಗೆಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ವ್ಯರ್ಥ, ಏಕೆಂದರೆ ಎಲ್ಲಿ ಸೋರುತ್ತಿದೆ ಎಂಬುದು ಆ ಅಂಕಿಯೊಳಗೆ ಮುಚ್ಚಿಹೋಗುತ್ತದೆ.

ನಿಮ್ಮಂಥದೇ ಒಂದು ಕಂಪನಿಯನ್ನು ಕಲ್ಪಿಸಿಕೊಂಡು ನೋಡೋಣ. ಮುಂದೆ ಬರುವ ಸಮೀಕ್ಷೆಯ ಅಂಕಿಗಳೆಲ್ಲ ಉದಾಹರಣೆಗಾಗಿ ಮಾತ್ರ. ಕಳೆದ ಮೂರು ತಿಂಗಳಲ್ಲಿ ಮನೆಗೆ ಫಿಲ್ಟರ್ ಕಾಫಿ ಪುಡಿ ಕೊಂಡಿರುವ 400 ಜನರನ್ನು ಮಾತನಾಡಿಸಬೇಕು: 200 ಜನ ಬಸವನಗುಡಿ, ಜಯನಗರ, ವಿಜಯನಗರಗಳ ಕಡೆಯವರು, ಉಳಿದ 200 ಜನ ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆಯವರು. ನಿಮ್ಮ ಕಚೇರಿಯಲ್ಲಿರುವ ಗ್ರಾಹಕರ ಫೋನ್ ಪಟ್ಟಿಯನ್ನು ಇದಕ್ಕೆ ಬಳಸಬಾರದು, ಏಕೆಂದರೆ ಆ ಪಟ್ಟಿಯಲ್ಲಿರುವವರಿಗೆ ನೀವು ಗೊತ್ತಿರಲೇಬೇಕು. ಸಮೀಕ್ಷೆ ಯಾರದೆಂಬುದನ್ನು ಕೊನೆಯವರೆಗೂ ಹೇಳಬಾರದು. ಪ್ರಶ್ನೆಗಳು ಕನ್ನಡದ ಜೊತೆಗೆ ಆಯಾ ಬಡಾವಣೆಯ ಜನ ಮನೆಯಲ್ಲಾಡುವ ಭಾಷೆಗಳಲ್ಲಿಯೂ ಸಿದ್ಧವಾಗಿರಬೇಕು.

ಅರಿವಿನ ವಿಷಯದಲ್ಲಿ ಪ್ರಶ್ನೆಗಳ ಕ್ರಮವೇ ಮುಖ್ಯ. "ಕಾಫಿ ಪುಡಿ ಎಂದರೆ ನಿಮಗೆ ಯಾವ ಯಾವ ಹೆಸರು ನೆನಪಿಗೆ ಬರುತ್ತದೆ?" ಎಂದು ಮೊದಲು ಕೇಳಿ, ಉತ್ತರ ಬರೆದುಕೊಂಡ ಮೇಲಷ್ಟೇ ಹೆಸರುಗಳ ಪಟ್ಟಿಯನ್ನು ಓದಬೇಕು. ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಒಂದು ಹೆಸರನ್ನು ಸೇರಿಸಿಡುವುದು ಒಳ್ಳೆಯದು. ಅದನ್ನೂ ಕೇಳಿದ್ದೇವೆ ಎನ್ನುವವರು ನೂರಕ್ಕೆ ಹತ್ತು ಜನರಿದ್ದರೆ, ಪಟ್ಟಿ ಓದಿದ ಮೇಲೆ ನಿಮಗೆ ಬಂದಿರುವ "ಗೊತ್ತು" ಎಂಬ ಉತ್ತರಗಳಲ್ಲಿಯೂ ಸುಮಾರು ಅಷ್ಟು ಪೊಳ್ಳಿರಬಹುದು. ನಮ್ಮ ಉದಾಹರಣೆಯಲ್ಲಿ, ತಾವಾಗಿಯೇ ಹೆಸರು ಹೇಳಿದವರು ಹಳೆಯ ಬಡಾವಣೆಗಳಲ್ಲಿ ಶೇ. 46, ಪೂರ್ವದ ಬಡಾವಣೆಗಳಲ್ಲಿ ಶೇ. 8 ಎಂದಿಟ್ಟುಕೊಳ್ಳಿ. ಎರಡರ ಸರಾಸರಿ 27 ಎಂದು ವರದಿಯಲ್ಲಿ ಬರೆದರೆ ಆ ಅಂಕಿ ಯಾವ ಬಡಾವಣೆಗೂ ಸೇರಿದ್ದಲ್ಲ. ಪೂರ್ವದಲ್ಲಿ ಬ್ರಾಂಡ್ ದುರ್ಬಲ ಎಂದು ತೀರ್ಮಾನಿಸುವ ಮುನ್ನ, ಅಲ್ಲಿನ ಎಷ್ಟು ಅಂಗಡಿಗಳಲ್ಲಿ ನಿಮ್ಮ ಪ್ಯಾಕೆಟ್ ಸಿಗುತ್ತದೆ ಎಂಬುದನ್ನೂ ನೋಡಬೇಕು; ಕಣ್ಣಿಗೇ ಬೀಳದ ಪ್ಯಾಕೆಟ್ಟಿನ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ.

ಎರಡನೆಯ ಭಾಗದಲ್ಲಿ ಆಯ್ಕೆಗಳನ್ನು ಕೊಡಬಾರದು. "ಈ ಹೆಸರು ಕೇಳಿದ ಕೂಡಲೇ ಏನು ನೆನಪಾಗುತ್ತದೆ?" ಎಂದು ಕೇಳಿ, ಜನ ಆಡಿದ ಮಾತನ್ನೇ ಬರೆದುಕೊಳ್ಳಬೇಕು. ಪ್ರತಿಸ್ಪರ್ಧಿಯ ಬಗೆಗೂ ಅದೇ ಪ್ರಶ್ನೆಯನ್ನು ಕೇಳಬೇಕು. "ಪರಿಮಳ", "ಬೆಳಗಿನ ಕಾಫಿ" ಎಂಬ ಉತ್ತರಗಳು ಎಲ್ಲ ಹೆಸರಿಗೂ ಬರುತ್ತವೆ, ಆದ್ದರಿಂದ ಅವು ಕಾಫಿಗೆ ಸೇರಿದವೇ ಹೊರತು ನಿಮಗೆ ಸೇರಿದವಲ್ಲ. ನಿಮ್ಮ ಹೆಸರಿಗೆ ಮಾತ್ರ ಅಂಟಿಕೊಂಡ ಮಾತು ಯಾವುದು ಎಂಬುದನ್ನು ಹುಡುಕಬೇಕು. ನಮ್ಮ ಉದಾಹರಣೆಯ ಕಂಪನಿಗೆ ಮತ್ತೆ ಮತ್ತೆ ಬರುವ ಉತ್ತರ ಇದು: "ಅದು ಹೋಟೆಲ್‌ಗೆ ಹಾಕೋ ಪುಡಿ ಅಲ್ವಾ? ಚಿಕೋರಿ ಜಾಸ್ತಿ." ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವೂ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರಬೇಕು. ಈ ಕಂಪನಿಯ ಮನೆಬಳಕೆಯ ಪ್ಯಾಕೆಟ್ಟಿನ ಮೇಲೆ 80–20 ಎಂದೇ ಇದೆ. ಅಚ್ಚಾದದ್ದನ್ನು ಓದದೆ, ದರ್ಶಿನಿಯ ಕೌಂಟರಿನ ಹಿಂದೆ ಕಂಡ ದೊಡ್ಡ ಚೀಲವನ್ನೇ ಜನ ನೆನಪಿಟ್ಟುಕೊಂಡಿದ್ದಾರೆ.

ಇಲ್ಲಿ ಮೂರನೆಯ ಭಾಗ ತಾನಾಗಿಯೇ ತೆರೆದುಕೊಳ್ಳುತ್ತದೆ. ಪುಡಿಯೇ ಸಪ್ಪೆಯಾಗಿದೆಯೋ, ಅಥವಾ ಹೆಸರು ಅದನ್ನು ಸಪ್ಪೆಯಾಗಿಸುತ್ತಿದೆಯೋ ಎಂಬುದನ್ನು ಸಮೀಕ್ಷೆಯ ಪ್ರಶ್ನೆಯಿಂದ ತಿಳಿಯಲಾಗದು, ಕುಡಿಸಿಯೇ ನೋಡಬೇಕು. ಸುಮಾರು 60 ಜನರಿಗೆ ನಿಮ್ಮ ಪುಡಿಯ ಕಾಫಿಯನ್ನೂ ಅದೇ ಬೆಲೆಯ, ಅದೇ 80–20ರ ಪ್ರತಿಸ್ಪರ್ಧಿಯ ಕಾಫಿಯನ್ನೂ ಹೆಸರು ತಿಳಿಸದೆ ಕೊಡಿ. ಒಂದೇ ಅಳತೆಯ ಪುಡಿ, ಒಂದೇ ಬಗೆಯ ಫಿಲ್ಟರ್, ಒಂದೇ ಪ್ಯಾಕೆಟ್ಟಿನ ಹಾಲು, ಒಂದೇ ಬಿಸಿ ಇರಬೇಕು. ಲೋಟಗಳಿಗೆ ಗುರುತಿನ ಅಂಕಿ ಮಾತ್ರ ಇದ್ದು, ಅರ್ಧ ಜನರಿಗೆ ಒಂದು ಮೊದಲು, ಉಳಿದರ್ಧಕ್ಕೆ ಇನ್ನೊಂದು ಮೊದಲು ಹೋಗಬೇಕು. ಇನ್ನೊಂದು ದಿನ ಅದೇ ಕಾಫಿಗಳನ್ನು ಪ್ಯಾಕೆಟ್ ಎದುರಿಗಿಟ್ಟು ಕೊಡಿ. ಮೊದಲ ದಿನ ಎರಡಕ್ಕೂ ಹತ್ತಕ್ಕೆ ಏಳರ ಆಸುಪಾಸು ಅಂಕ ಬಂದು, ಪ್ಯಾಕೆಟ್ ಕಂಡ ದಿನ ಪ್ರತಿಸ್ಪರ್ಧಿಯದು ಎಂಟಕ್ಕೇರಿ ನಿಮ್ಮದು ಆರಕ್ಕೆ ಇಳಿದರೆ, ಹುರಿಯುವ ಘಟಕದಲ್ಲಿ ದೋಷ ಹುಡುಕುವ ಅಗತ್ಯವಿಲ್ಲ. ಹೆಸರು ಒಂದು ಅಂಕವನ್ನು ಕಳೆಯುತ್ತಿದೆ. ಇಷ್ಟು ಸಣ್ಣ ಗುಂಪಿನಲ್ಲಿ ಕಾಲು ಅಂಕದ ವ್ಯತ್ಯಾಸಕ್ಕೆ ಬೆಲೆ ಕೊಡಬೇಕಾಗಿಲ್ಲ. ಒಂದು ಪೂರ್ತಿ ಅಂಕವನ್ನು ಕಡೆಗಣಿಸಲಾಗದು.

ಹಾಗಿದ್ದರೆ ಮಾರಾಟ ಹೇಗೆ ಚೆನ್ನಾಗಿದೆ? ಇದೇ ನಿಷ್ಠೆಯ ಪ್ರಶ್ನೆ, ಮತ್ತು ಇಲ್ಲಿ ಮೋಸಹೋಗುವವರೇ ಹೆಚ್ಚು. ಪದೇ ಪದೇ ಕೊಳ್ಳುವುದೆಲ್ಲ ನಿಷ್ಠೆಯಲ್ಲ. ಸಂಜೆಯ ಹೊತ್ತು ಕಿರಾಣಿ ಅಂಗಡಿಯಲ್ಲಿ ಎರಡು ಗಂಟೆ ನಿಂತು ನೋಡಿದರೆ, ಹೆಸರು ಹಿಡಿದು ಕೇಳುವವರೆಷ್ಟು, "ಕಾಲು ಕೆ.ಜಿ. ಕಾಫಿ ಪುಡಿ ಕೊಡಿ" ಎಂದಷ್ಟೇ ಹೇಳಿ ಅಂಗಡಿಯವರು ಕೊಟ್ಟದ್ದನ್ನು ಒಯ್ಯುವವರೆಷ್ಟು ಎಂಬುದು ಕಾಣುತ್ತದೆ. ಎರಡನೆಯವರ ನಿಷ್ಠೆ ಅಂಗಡಿಯವರಿಗೆ, ಅಂಗಡಿಯವರ ನಿಷ್ಠೆ ನೀವು ಕೊಡುವ ಮಾರ್ಜಿನ್‌ಗೆ. ಸಮೀಕ್ಷೆಯಲ್ಲಿ ಎರಡು ಪ್ರಶ್ನೆ ಸಾಕು: ಕಳೆದ ಐದು ಪ್ಯಾಕೆಟ್ಟುಗಳಲ್ಲಿ ಈ ಹೆಸರಿನವು ಎಷ್ಟು, ಮತ್ತು ಈ ಹೆಸರಿನದು ಇಲ್ಲದ ದಿನ ಏನು ಮಾಡಿದಿರಿ. ಇದರ ಜೊತೆಗೆ ನಿಮ್ಮದೇ ಬಿಲ್ಲುಗಳಿಂದ, ಹತ್ತು ರೂಪಾಯಿ ಕಡಿತದ ಸ್ಕೀಮ್ ಇದ್ದ ತಿಂಗಳುಗಳನ್ನೂ ಇಲ್ಲದ ತಿಂಗಳುಗಳನ್ನೂ ಬೇರೆ ಮಾಡಿ ನೋಡಬೇಕು. ಆಗ ಎಚ್ಚರ ಬೇಕು: ಸ್ಕೀಮ್ ಮುಗಿಯುವ ಮುನ್ನ ಅಂಗಡಿಯವರು ಸರಕು ತುಂಬಿಕೊಂಡಿರುತ್ತಾರೆ, ಆದ್ದರಿಂದ ಮರುತಿಂಗಳಿನ ಕುಸಿತವೆಲ್ಲ ಗ್ರಾಹಕರು ಕೈಬಿಟ್ಟ ಗುರುತಲ್ಲ. ಮೂರನೆಯ ತಿಂಗಳಲ್ಲಿಯೂ ಮಾರಾಟ ಹಿಂದಿನ ಮಟ್ಟಕ್ಕೆ ಬರದಿದ್ದರೆ, ಸರಕನ್ನು ಓಡಿಸುತ್ತಿದ್ದದ್ದು ಸ್ಕೀಮ್ ಎಂಬ ಅನುಮಾನ ಬಲವಾಗುತ್ತದೆ.

ನಿಷ್ಠೆಯ ಅಂಕಿಯನ್ನು ಮಾರುಕಟ್ಟೆಯ ಮೊದಲಿಗನ ಜೊತೆ ಹೋಲಿಸಿ ಎದೆಗುಂದಬೇಡಿ. ಕಡಿಮೆ ಗ್ರಾಹಕರಿರುವ ಬ್ರಾಂಡ್‌ಗೆ, ಆ ಗ್ರಾಹಕರ ನಿಷ್ಠೆಯೂ ತುಸು ಕಡಿಮೆಯೇ ಇರುವುದು ಅನೇಕ ಸರಕುಗಳಲ್ಲಿ ಕಂಡುಬಂದಿರುವ ಸಂಗತಿ. ನಿಮ್ಮಷ್ಟೇ ಗಾತ್ರದ ಇನ್ನೊಂದು ಬ್ರಾಂಡೇ ಸರಿಯಾದ ಅಳತೆಗೋಲು.

ನಮ್ಮ ಉದಾಹರಣೆಯಲ್ಲಿ ಹಣ ಹೋಗಬೇಕಾದದ್ದು ಹಳೆಯ ಬಡಾವಣೆಗಳಲ್ಲಿ ಹೆಸರು ಸಾರುವ ಫ್ಲೆಕ್ಸ್‌ಗಲ್ಲ. ಅಲ್ಲಿ ಹೆಸರು ಗೊತ್ತೇ ಇದೆ. ಮನೆಬಳಕೆಯ ಪ್ಯಾಕೆಟ್ಟನ್ನು ಹೋಟೆಲ್ ಚೀಲದಿಂದ ನೋಟದಲ್ಲಿ ಬೇರ್ಪಡಿಸುವುದು, 80–20 ಎಂಬುದನ್ನು ಮುಂಭಾಗದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸುವುದು, ಅಂಗಡಿಯಲ್ಲಿ ಕುಡಿಸಿ ತೋರಿಸುವುದು ಮೊದಲ ಕೆಲಸ. ವರ್ಷದ ನಂತರ ಅದೇ ತಿಂಗಳಲ್ಲಿ, ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಇನ್ನೊಂದು 400 ಜನರಿಗೆ ಕೇಳಿ. ಒಟ್ಟು ಅಂಕಿಯಲ್ಲಿ ಸುಮಾರು ಏಳು ಶೇಕಡಾ ಅಂಶಗಳಿಗಿಂತ ಕಡಿಮೆ ಏರಿಳಿತ ಕಂಡರೆ ಅದು ಮಾದರಿಯ ಆಕಸ್ಮಿಕವೂ ಆಗಿರಬಹುದು. 200 ಜನರ ಒಂದೊಂದು ಪ್ರದೇಶವನ್ನೇ ಬೇರೆಯಾಗಿ ನೋಡುವಾಗ ಆ ಮಿತಿ ಹತ್ತರ ಸಮೀಪಕ್ಕೆ ಹೋಗುತ್ತದೆ.