ಇಟಾಲಿಯನ್ನಿನ ಊಹೆಯ ಭವಿಷ್ಯತ್ಕಾಲ: ಎಲ್ಲ ಕಡೆ ‘ಮಸ್ಟ್’ ಯಾಕೆ ಬೇಡ

ಇಟಾಲಿಯನ್‌ನಿಂದ ಇಂಗ್ಲಿಷ್‌ಗೆ ಅನುವಾದ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಕ್ರಿಯಾಪದದ ರೂಪಗಳು ನಿಮಗೆ ಬರುತ್ತವೆ ಅಂದುಕೊಂಡಿದ್ದೇನೆ: ‘ಸರಾ’, ‘ಅವ್ರಾ’, ‘ಸರಾನ್ನೊ’, ಮತ್ತೆ ‘ಅವ್ರಾ ಪೆರ್ಸೊ’ ಥರದ ಫುತುರೊ ಅಂತೆರಿಯೋರೆ.

ಇಟಾಲಿಯನ್ನಿನಲ್ಲಿ ಈ ರೂಪಗಳು ಮುಂದಿನ ಮಾತಿಗಷ್ಟೇ ಅಲ್ಲ, ಊಹೆಗೂ ಬರುತ್ತವೆ. ಮೊದಲು ಅದನ್ನು ಗುರುತಿಸುವುದು ಹೇಗೆ? ‘ಮಾರ್ಕೊ ಸರಾ ಅ ಕಾಸಾ’ ಅಂದರೆ ‘ಮಾರ್ಕೊ ಮನೆಯಲ್ಲಿರುತ್ತಾನೆ’. ನಾಳೆಯ ಮಾತೋ, ಈಗಿನ ಊಹೆಯೋ? ಪಕ್ಕದಲ್ಲಿ ‘ದೊಮಾನಿ’ ಅಂದರೆ ‘ನಾಳೆ’ ಇದ್ದರೆ ಮುಂದಿನ ಮಾತು. ‘ಅ ಕ್ವೆಸ್ತೋರಾ’ ಅಂದರೆ ‘ಈ ಹೊತ್ತಿಗೆ’ ಇದ್ದರೆ ಊಹೆ. ಇರುವಿಕೆ ಹೇಳುವ ಕ್ರಿಯಾಪದಗಳು, ಅಂದರೆ ಇರು, ಹೊಂದಿರು, ಗೊತ್ತಿರು ಮುಂತಾದವು, ಸುಲಭವಾಗಿ ಊಹೆಗೆ ತಿರುಗುತ್ತವೆ. ಘಟನೆ ಹೇಳುವವು ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ‘ಪಿಯೊವೆರಾ’ ಅಂದರೆ ಸಾಮಾನ್ಯವಾಗಿ ‘ಮಳೆ ಬರುತ್ತೆ’ ಅಂತಲೇ. ಅಲ್ಲಿ ಈಗ ಮಳೆ ಬರುತ್ತಿರಬಹುದು ಅನ್ನಬೇಕಾದರೆ ‘ಸ್ತರಾ ಪಿಯೊವೆಂದೊ’ ಅನ್ನುತ್ತಾರೆ. ಫುತುರೊ ಅಂತೆರಿಯೋರೆಯ ಜೊತೆ ‘ಯೇರಿ’, ಅಂದರೆ ‘ನಿನ್ನೆ’, ಬಂದರೆ ಯೋಚನೆಯೇ ಬೇಡ, ಅದು ಊಹೆ.

ಇದರಲ್ಲಿ ಕನ್ನಡದವರಿಗೆ ಒಂದು ಲಾಭವಿದೆ. ನಾವೂ ಇದನ್ನೇ ಮಾಡುತ್ತೇವೆ ಅಲ್ವಾ? ‘ಅವನು ಈಗ ಮಲಗಿರ್ತಾನೆ’, ‘ರೈಲು ತಪ್ಪಿಸಿಕೊಂಡಿರ್ತಾನೆ’ ಅನ್ನುವಾಗ ನಾವು ಭವಿಷ್ಯ ಹೇಳುತ್ತಿಲ್ಲ, ಊಹಿಸುತ್ತಿದ್ದೇವೆ. ಹಾಗಾಗಿ ನನ್ನ ಉಪಾಯ ಇಷ್ಟೇ: ಇಟಾಲಿಯನ್ ವಾಕ್ಯವನ್ನು ಮನಸ್ಸಿನಲ್ಲೇ ‘ಇರ್ತಾನೆ’ ಅಥವಾ ‘ಇರಬಹುದು’ ಹಾಕಿ ಕನ್ನಡದಲ್ಲಿ ಹೇಳಿಕೊಳ್ಳುವುದು. ಸಹಜವಾಗಿ ಕೂತರೆ ಅದು ಊಹೆಯೇ ಇರುವ ಸಾಧ್ಯತೆ ಜಾಸ್ತಿ. ‘ಇರ್ತಾನೆ’ಗೆ ‘ದಿನಾ ಇರ್ತಾನೆ’ ಅನ್ನುವ ರೂಢಿಯ ಅರ್ಥವೂ ‘ನಾಳೆ ಇರ್ತಾನೆ’ ಅನ್ನುವ ಮುಂದಿನ ಅರ್ಥವೂ ಇದೆ, ಅವೆರಡನ್ನು ಪಕ್ಕಕ್ಕಿಡಿ.

ಅರ್ಥ ಹೀಗೆ ಸಿಕ್ಕಿಬಿಡುತ್ತದೆ. ಕಷ್ಟ ಇರುವುದು ಅದನ್ನು ಇಂಗ್ಲಿಷಿಗೆ ದಾಟಿಸುವುದರಲ್ಲಿ.

ವ್ಯಾಕರಣ ಓದಿದವರ ಕೈ ಮೊದಲು ಹೋಗುವುದು ‘ಮಸ್ಟ್’ ಕಡೆಗೆ. ಈ ಪುಟ್ಟ ಸಂಭಾಷಣೆ ನೋಡಿ. ಅಕ್ಕ ತಂಗಿ ಊಟಕ್ಕೆ ಮಾರ್ಕೊನನ್ನು ಕಾಯುತ್ತಿದ್ದಾರೆ.

— ಕೆ ಓರೆ ಸರಾನ್ನೊ?
— ಸರಾನ್ನೊ ಲೆ ನೋವೆ.
— ಎ ಮಾರ್ಕೊ?
— ಅವ್ರಾ ತ್ರೊವಾತೊ ತ್ರಾಫ್ಫಿಕೊ. ಒ ಸ್ತರಾ ಚೆರ್ಕಾಂದೊ ಪಾರ್ಕೆಜ್ಜೊ.
(ಕರೆಗಂಟೆ)
— ಸರಾ ಲುಯಿ!

ಎಲ್ಲಕ್ಕೂ ‘ಮಸ್ಟ್’ ಹಾಕಿದರೆ: ‘ಇಟ್ ಮಸ್ಟ್ ಬಿ ನೈನ್. ಹಿ ಮಸ್ಟ್ ಹ್ಯಾವ್ ಹಿಟ್ ಟ್ರಾಫಿಕ್. ಆರ್ ಹಿ ಮಸ್ಟ್ ಬಿ ಲುಕಿಂಗ್ ಫಾರ್ ಪಾರ್ಕಿಂಗ್. ದಟ್ ಮಸ್ಟ್ ಬಿ ಹಿಮ್!’ ಒಂದೊಂದನ್ನೇ ನೋಡಿದರೆ ವ್ಯಾಕರಣ ಸರಿ. ಒಟ್ಟಿಗೆ ಓದಿದರೆ ಪತ್ತೇದಾರ ಸುಳಿವು ಜೋಡಿಸುತ್ತಿರುವ ಹಾಗಿದೆ. ಟ್ರಾಫಿಕ್ಕೋ ಪಾರ್ಕಿಂಗೋ ಅಂತ ಎರಡು ಊಹೆ ಒಟ್ಟಿಗೆ ಹೇಳುವಾಗ ಎರಡಕ್ಕೂ ‘ಮಸ್ಟ್’ ಅಂದರೆ ಅರ್ಥವೇ ಕೆಡುತ್ತದೆ. ‘ಮಸ್ಟ್’ ಬೇರೆ ದಾರಿ ಇಲ್ಲ ಅನ್ನುತ್ತದೆ, ‘ಆರ್’ ಇದೆ ಅನ್ನುತ್ತದೆ.

ಇಲ್ಲಿ ಕೇಳಿಕೊಳ್ಳಬೇಕಾದ್ದು: ಮಾತಾಡುವವರ ಕೈಯಲ್ಲಿ ಸುಳಿವು ಇದೆಯಾ? ಇಟಾಲಿಯನ್ನಿನಲ್ಲಿ ‘ದೊವೆರೆ’ ಅಂತ ಬೇರೆ ಕ್ರಿಯಾಪದವೇ ಇದೆ. ಮೇಜಿನ ಮೇಲೆ ಮಾರ್ಕೊನ ಕೀಲಿಕೈ ಕಂಡು ಹೇಳುವುದಾದರೆ ‘ದೇವೆ ಎಸ್ಸೆರೆ ಇನ್ ಕಾಸಾ’ ಸಹಜ. ಅದಕ್ಕೆ ‘ಹಿ ಮಸ್ಟ್ ಬಿ ಹೋಮ್’ ಸರಿಯಾಗಿ ಕೂರುತ್ತದೆ. ಕಣ್ಣ ಮುಂದೆ ಏನೂ ಇಲ್ಲದೆ, ಅವನನ್ನು ಬಲ್ಲ ಕಾರಣಕ್ಕೆ ಹೇಳುವಾಗ ‘ಸರಾ ಇನ್ ಕಾಸಾ’ ಬರುತ್ತದೆ. ಅಲ್ಲಿ ‘ಹಿ ಈಸ್ ಪ್ರಾಬಬ್ಲಿ ಅಟ್ ಹೋಮ್’ ಸಾಕು. ಎರಡರ ನಡುವೆ ಗೋಡೆ ಏನಿಲ್ಲ, ಎಷ್ಟೋ ಕಡೆ ಎರಡೂ ನಡೆಯುತ್ತವೆ. ಆದರೂ ‘ದೇವೆ’ ಕೈಗೆಟಕುವಷ್ಟು ಹತ್ತಿರ ಇದ್ದೂ ಬರೆದವರು ಭವಿಷ್ಯತ್ಕಾಲ ಹಾಕಿದ್ದರೆ, ನಾನು ‘ಪ್ರಾಬಬ್ಲಿ’ಯಿಂದ ಶುರು ಮಾಡಿ, ಬೇಕಾದರೆ ಮಾತ್ರ ‘ಮಸ್ಟ್’ಗೆ ಏರುತ್ತೇನೆ. ಪಕ್ಕದಲ್ಲಿ ‘ಸಿಕುರಾಮೆಂತೆ’, ಅಂದರೆ ‘ಖಂಡಿತ’, ಇದ್ದರೆ ಊಹೆ ಗಟ್ಟಿ. ಆಗ ‘ಹಿ ಈಸ್ ಬೌಂಡ್ ಟು ಬಿ ಹೋಮ್’. ‘ಫೋರ್ಸೆ’ ಇದ್ದರೆ ‘ಮೇಬಿ’. ಎಷ್ಟು ಗಟ್ಟಿ ಅನ್ನುವುದನ್ನು ಭವಿಷ್ಯತ್ಕಾಲ ಒಂದೇ ತೀರ್ಮಾನಿಸುವುದಿಲ್ಲ.

ಈಗ ಸಂಭಾಷಣೆಗೆ ವಾಪಸ್.

ಮೊದಲ ಸಾಲು ಪ್ರಶ್ನೆ, ಅಲ್ಲಿ ‘ಮಸ್ಟ್’ ನಡೆಯುವುದೇ ಇಲ್ಲ. ‘ವಿಲ್’ ಹಾಕಿದರೆ ಮುಂದಿನ ಸಮಯ ಕೇಳಿದ ಹಾಗಾಗುತ್ತದೆ. ‘ವಾಟ್ ಟೈಮ್ ಡು ಯು ಥಿಂಕ್ ಇಟ್ ಈಸ್?’ ಚೆನ್ನಾಗಿದೆ. ತನಗೆ ತಾನೇ ಕೇಳಿಕೊಳ್ಳುವ ಪ್ರಶ್ನೆಯಾದರೆ ‘ಐ ವಂಡರ್’. ‘ದೊವೆ ಸರಾ?’ ಅನ್ನುವುದಕ್ಕೆ ‘ಐ ವಂಡರ್ ವೇರ್ ಹಿ ಈಸ್’. ಆತಂಕ ಇದ್ದರೆ ‘ವೇರ್ ಕ್ಯಾನ್ ಹಿ ಬಿ?’

ಎರಡನೆಯದರಲ್ಲಿ ಸಂಖ್ಯೆ ಇದೆ. ಸಂಖ್ಯೆ ಇದ್ದ ಕಡೆ ನನಗೆ ತುಂಬಾ ಇಷ್ಟವಾದ ದಾರಿ ‘ಅಬೌಟ್’. ‘ಅಬೌಟ್ ನೈನ್, ಐ’ಡ್ ಸೇ.’ ಇಟಾಲಿಯನ್ನಿನಲ್ಲಿ ‘ಸುಮಾರು’ ಅನ್ನುವ ಕೆಲಸವನ್ನು ಕ್ರಿಯಾಪದವೇ ಮಾಡುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಸಂಖ್ಯೆಯ ಪಕ್ಕಕ್ಕೆ ಸರಿಸಿದರೆ ಕ್ರಿಯಾಪದ ಹಗುರಾಗುತ್ತದೆ. ‘ಅವ್ರಾ ತ್ರೆಂತಾನ್ನಿ’ ಅಂದರೆ ‘ಶಿ ಈಸ್ ಅಬೌಟ್ ಥರ್ಟಿ’. ‘ಚಿ ಸರಾನ್ನೊ ಸ್ತಾತೆ ದುಯೆಚೆಂತೊ ಪೆರ್ಸೋನೆ’ ಅಂದರೆ ‘ದೇರ್ ವರ್ ಟೂ ಹಂಡ್ರೆಡ್ ಪೀಪಲ್ ಆರ್ ಸೋ’. ಭವಿಷ್ಯತ್ಕಾಲದ ಸುಳಿವೇ ಉಳಿಯಲಿಲ್ಲ, ಅರ್ಥ ಮಾತ್ರ ಪೂರ್ತಿ ಬಂತು.

ನಾಲ್ಕನೆಯ ಸಾಲಿಗೆ ‘ಹಿ’ಸ್ ಪ್ರಾಬಬ್ಲಿ ಹಿಟ್ ಟ್ರಾಫಿಕ್. ಆರ್ ಹಿ’ಸ್ ಲುಕಿಂಗ್ ಫಾರ್ ಸಮ್‌ವೇರ್ ಟು ಪಾರ್ಕ್.’ ಎರಡನೇ ವಾಕ್ಯದಲ್ಲಿ ಊಹೆಯ ಪದವೇ ಇಲ್ಲ, ಗಮನಿಸಿ. ಮೊದಲನೆಯದರ ‘ಪ್ರಾಬಬ್ಲಿ’, ಆಮೇಲಿನ ‘ಆರ್’ ಸೇರಿ ಎರಡನ್ನೂ ಹೊರುತ್ತವೆ. ಇಟಾಲಿಯನ್ ಪ್ರತಿ ಕ್ರಿಯಾಪದಕ್ಕೂ ಗುರುತು ಹಾಕುತ್ತದೆ. ಇಂಗ್ಲಿಷಿಗೆ ಒಂದು ಸಲ ಹೇಳಿದರೆ ಸಾಕು. ಆರ್ ಇಲ್ಲದೆ ಟ್ರಾಫಿಕ್ ಒಂದನ್ನೇ ಕಾರಣವಾಗಿ ಹೇಳಿದ್ದರೆ ‘ಹಿ ಮಸ್ಟ್ ಹ್ಯಾವ್ ಹಿಟ್ ಟ್ರಾಫಿಕ್’ ಕೂಡ ಒಪ್ಪುತ್ತಿತ್ತು.

ಕೊನೆಗೆ ಕರೆಗಂಟೆ. ಇಲ್ಲಿ ಇಂಗ್ಲಿಷ್ ಕೂಡ ಭವಿಷ್ಯದ ರೂಪವನ್ನೇ ಬಳಸುತ್ತದೆ: ‘ದಟ್’ಲ್ ಬಿ ಹಿಮ್!’ ಬ್ರಿಟಿಷ್ ಇಂಗ್ಲಿಷಿನಲ್ಲಿ ಇದು ಜಾಸ್ತಿ. ‘ಹಿ’ಲ್ ಬಿ ಅಸ್ಲೀಪ್ ಬೈ ನೌ’ ಕೂಡ ಇದೇ ಜಾತಿ. ಆದರೆ ‘ಬೈ ನೌ’ ತೆಗೆದು ನೋಡಿ, ತಕ್ಷಣ ಮುಂದಿನ ಮಾತಿನ ಹಾಗೆ ಕೇಳಿಸುತ್ತದೆ. ಅದಕ್ಕೇ ಸಂದರ್ಭ ಈ ಕ್ಷಣಕ್ಕೆ ಕಟ್ಟಿದ್ದರೆ ಮಾತ್ರ ‘ವಿಲ್’ ಉಳಿಸುತ್ತೇನೆ.

‘ನೊನ್’ ಬಂದಾಗ ‘ಮಸ್ಟ್ ನಾಟ್’ ಬರೆದರೆ ‘ಕೂಡದು’ ಅಂತ ಓದಿಕೊಳ್ಳುವವರು ಇರುತ್ತಾರೆ. ‘ನೊನ್ ಅವ್ರಾ ಸೆಂತೀತೊ’ ಅನ್ನುವುದಕ್ಕೆ ‘ಹಿ ಪ್ರಾಬಬ್ಲಿ ಡಿಡ್ನ್ಟ್ ಹಿಯರ್’ ಸುರಕ್ಷಿತ. ‘ನೊನ್ ಸ್ತರಾ ಮೀಕಾ ಮಾಲೆ?’ ಅಂದರೆ ಭಯದ ಪ್ರಶ್ನೆ, ‘ಹುಷಾರು ತಪ್ಪಿಲ್ಲ ತಾನೇ?’ ಅನ್ನುವ ಧಾಟಿ. ‘ಹಿ’ಸ್ ನಾಟ್ ಇಲ್, ಈಸ್ ಹಿ?’

ಇನ್ನೊಂದು ಬಳಕೆಯನ್ನು ಮಾತ್ರ ಇದರ ಜೊತೆ ಸೇರಿಸಬೇಡಿ: ‘ಸರಾ ಆಂಕೆ ರಿಕ್ಕೊ, ಮಾ ಎ ಆಂತಿಪಾತಿಕೊ’. ಇಲ್ಲಿ ಯಾರೂ ಊಹಿಸುತ್ತಿಲ್ಲ. ‘ಶ್ರೀಮಂತನೇ ಇರಬಹುದು, ಆದರೆ ಆಸಾಮಿ ಸರಿಯಿಲ್ಲ’ ಅಂತ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಹೊಡೆಯುವ ಮಾತು. ‘ಪ್ರಾಬಬ್ಲಿ ರಿಚ್’ ಅಂದರೆ ಏಟೇ ತಪ್ಪುತ್ತದೆ. ‘ಹಿ ಮೇ ಬಿ ರಿಚ್, ಬಟ್...’ ಬೇಕು. ಯಾರಾದರೂ ಏನೋ ಹೇಳಿದ್ದಕ್ಕೆ ಉತ್ತರವಾಗಿ ಬರೀ ‘ಸರಾ...’ ಅಂತ ಎಳೆದರೆ, ಅದು ‘ಇದ್ರೂ ಇರಬಹುದು’ ಅನ್ನುವ ಅರೆನಂಬಿಕೆ. ಅದಕ್ಕೆ ‘ಇಫ್ ಯು ಸೇ ಸೋ’.