ರಾತ್ರಿ ಕೆಮ್ಮು, ರಕ್ತದಲ್ಲಿ 9,000 ಇಯೋಸಿನೊಫಿಲ್

"ಇಯೋಸಿನೊಫಿಲ್ ಜಾಸ್ತಿ ಬಂದೈತಿ, ಮೊಸರು ಬಿಡು, ಬಾಳೆಹಣ್ಣು ಬಿಡು." ಹುಬ್ಬಳ್ಳಿಯಲ್ಲಿ ಲ್ಯಾಬ್ ರಿಪೋರ್ಟ್ ಹಿಡಿದು ನಿಂತವರಿಗೆ ಈ ಉಪದೇಶ ಪುಕ್ಕಟೆ ಸಿಗುತ್ತದೆ. ಇಯೋಸಿನೊಫಿಲ್ ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ಮೊಸರು ಬಿಟ್ಟರೆ ಮಜ್ಜಿಗೆ ಸಾರು ತಪ್ಪುತ್ತದೆ ಅಷ್ಟೇ, ಕೆಮ್ಮು ಹೋಗುವುದಿಲ್ಲ.

ಮುಂಡರಗಿ ಕಡೆಯ 28 ವರ್ಷದ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ಎರಡು ವರ್ಷ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಊರಿಗೆ ಬಂದಿದ್ದಾನೆ. ಎರಡು ತಿಂಗಳಿಂದ ಒಣ ಕೆಮ್ಮು. ಹಗಲು ಹೇಗೋ ನಡೆಯುತ್ತದೆ, ರಾತ್ರಿ ಒಂದು ಗಂಟೆಗೆ ಎದ್ದು ಕೂರಬೇಕು. ಎದೆಯಲ್ಲಿ ಸುಂಯ್ ಸುಂಯ್ ಸದ್ದು, ಸಣ್ಣ ಜ್ವರ, ತೂಕವೂ ಇಳಿದಿದೆ. ಎಕ್ಸ್‌ರೇಯಲ್ಲಿ ಎರಡೂ ಕಡೆ ಸಣ್ಣ ಚುಕ್ಕೆಗಳು. ಮನೆಯವರಿಗೆ ಟಿಬಿ ಭಯ. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ. ಅಸ್ತಮಾ ಅಂತ ಕೊಟ್ಟ ಇನ್ಹೇಲರ್ ಅರೆಬರೆ ಕೆಲಸ ಮಾಡಿದೆ.

ಈಗ ರಕ್ತದ ರಿಪೋರ್ಟ್ ನೋಡಿ. ಒಟ್ಟು ಬಿಳಿ ರಕ್ತಕಣ 18,000, ಅದರಲ್ಲಿ ಇಯೋಸಿನೊಫಿಲ್ 52 ಪರ್ಸೆಂಟ್. ಗುಣಿಸಿದರೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ 9,360. ಸಾಮಾನ್ಯವಾಗಿ ಇದು 500 ದಾಟಬಾರದು. ಪಕ್ಕದ ಮನೆಯವನಿಗೂ "ಜಾಸ್ತಿ" ಅಂತಲೇ ಬಂದಿದೆ: 9,000ಕ್ಕೆ 8 ಪರ್ಸೆಂಟ್, ಅಂದರೆ 720. ಅಲರ್ಜಿಗೂ ಹೊಟ್ಟೆಯ ಜಂತುಹುಳಕ್ಕೂ ಅಷ್ಟು ಏರುವುದು ಮಾಮೂಲು. ನಮ್ಮ ಹುಡುಗನ ಕಾಯಿಲೆಯಲ್ಲಿ ಸಾಮಾನ್ಯವಾಗಿ 3,000ಕ್ಕಿಂತ ಮೇಲೇ ಇರುತ್ತದೆ. ಪರ್ಸೆಂಟ್ ಒಂದನ್ನೇ ನೋಡಿ ಗಾಬರಿಯಾಗುವವರು ಈ ಗುಣಾಕಾರ ಮಾಡುವುದೇ ಇಲ್ಲ.

ಕಾಯಿಲೆಯ ಹೆಸರು ಟ್ರಾಪಿಕಲ್ ಪಲ್ಮನರಿ ಇಯೋಸಿನೊಫೀಲಿಯಾ. ಮೂಲ ಆನೆಕಾಲಿನ ಹುಳ. ಕರಾವಳಿಯಲ್ಲೂ ಕಲಬುರಗಿ, ಬೀದರ್ ಕಡೆಯೂ ಇದು ಹಳೆಯ ಕಾಟ. ಕ್ಯುಲೆಕ್ಸ್ ಸೊಳ್ಳೆ ಕಚ್ಚಿದಾಗ ಒಳಬರುವ ಮರಿಗಳು ದುಗ್ಧರಸ ನಾಳಗಳಲ್ಲಿ ಬೆಳೆದು ದೊಡ್ಡ ಹುಳಗಳಾಗುತ್ತವೆ. ಅವು ಹಾಕುವ ಸೂಕ್ಷ್ಮ ಮರಿಗಳು ಕಾಲು ಮಿಲಿಮೀಟರ್ ಉದ್ದ ಇರುತ್ತವೆ. ಎಷ್ಟೋ ಜನರಲ್ಲಿ ಈ ಮರಿಗಳು ರಕ್ತದಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತವೆ, ಮೈ ಗಲಾಟೆ ಮಾಡುವುದಿಲ್ಲ. ಕೆಲವರ ಮೈ ಮಾತ್ರ ಅವನ್ನು ಒಂದು ಕ್ಷಣವೂ ಸಹಿಸುವುದಿಲ್ಲ.

ಅಂಥವರಲ್ಲಿ ಮರಿಗಳು ಶ್ವಾಸಕೋಶದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ಪ್ರತಿಕಾಯಗಳು ಅವಕ್ಕೆ ಅಂಟುತ್ತವೆ, ಇಯೋಸಿನೊಫಿಲ್‌ಗಳು ಮುತ್ತಿಕೊಂಡು ತಮ್ಮೊಳಗಿನ ವಿಷದ ಪ್ರೋಟೀನ್ ಸುರಿಯುತ್ತವೆ. ಬ್ಯಾಡಗಿ ಮೆಣಸಿನ ಗಿಡಕ್ಕೆ ಔಷಧಿ ಮಿತಿಮೀರಿ ಹೊಡೆದರೆ ಹುಳದ ಜೊತೆ ಎಲೆಯೂ ಸುಟ್ಟುಹೋಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಮರಿ ಸಾಯುತ್ತದೆ, ಶ್ವಾಸನಾಳದ ಒಳಪದರವೂ ಗಾಯಗೊಳ್ಳುತ್ತದೆ. ಕೆಮ್ಮು ಆ ಗಾಯದ್ದು.

ಹಾಗಾಗಿ ಒಂದು ವಿಚಿತ್ರ. ಆನೆಕಾಲಿನ ಮರಿಗಳನ್ನು ಹುಡುಕಲು ರಾತ್ರಿ ಹತ್ತರ ಮೇಲೆ ರಕ್ತ ತೆಗೆಯುತ್ತಾರೆ, ಆಗ ಅವು ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಈ ಹುಡುಗನ ರಕ್ತವನ್ನು ಎಷ್ಟು ರಾತ್ರಿ ನೋಡಿದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಯಾಕೆಂದರೆ ಅವು ಅಲ್ಲಿಗೆ ಬರುವ ಮೊದಲೇ ಸತ್ತಿರುತ್ತವೆ. "ಹುಳ ಇಲ್ಲ" ಎಂಬ ರಿಪೋರ್ಟ್ ಈ ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ. ಬದಲಿಗೆ ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ವಿಪರೀತ ಏರಿರುತ್ತದೆ, ಫೈಲೇರಿಯಾ ಅಂದರೆ ಆನೆಕಾಲಿನ ಹುಳದ ವಿರುದ್ಧದ ಪ್ರತಿಕಾಯವೂ ಹೆಚ್ಚು.

ಇದೇ ಕಾರಣಕ್ಕೆ ಕಾಯಿಲೆಯ ಗುಟ್ಟು ಬಹಳ ದಿನ ಬಯಲಾಗಲಿಲ್ಲ. 1940ರಲ್ಲಿ ಮದನಪಲ್ಲಿಯ ಟಿಬಿ ಆಸ್ಪತ್ರೆಯ ಫ್ರಿಮೋಟ್-ಮೊಲ್ಲರ್ ಮತ್ತು ಬಾರ್ಟನ್ ಇದನ್ನು ಟಿಬಿಯಂತೆ ಕಾಣುವ ಆದರೆ ಟಿಬಿ ಅಲ್ಲದ ಕಾಯಿಲೆ ಎಂದು ವಿವರಿಸಿದರು. 1943ರಲ್ಲಿ ವೈನ್‌ಗಾರ್ಟನ್ ಆರ್ಸೆನಿಕ್ ಇಂಜೆಕ್ಷನ್‌ನಿಂದ ಇದು ಗುಣವಾಗುತ್ತದೆ ಎಂದರು. ಪಾಷಾಣದ ಚಿಕಿತ್ಸೆ! ಮರಿಗಳು ಕಣ್ಣಿಗೆ ಬಿದ್ದದ್ದು 1960ರಲ್ಲಿ, ವೆಲ್ಲೂರಿನ ವೈದ್ಯರು ರೋಗಿಗಳ ಶ್ವಾಸಕೋಶದ ಚೂರು ತೆಗೆದು ನೋಡಿದಾಗ.

ಅಷ್ಟರಲ್ಲಿ ಡೈಈಥೈಲ್‌ಕಾರ್ಬಮಜೀನ್ ಬಂದಿತ್ತು, ಆನೆಕಾಲಿಗೆ ಹಂಚುವ ಅದೇ ಡಿಇಸಿ ಗುಳಿಗೆ. ಪ್ರಮಾಣ ದಿನಕ್ಕೆ ಕೆಜಿ ತೂಕಕ್ಕೆ 6 ಮಿಲಿಗ್ರಾಂ. ನಮ್ಮ ಹುಡುಗ 50 ಕೆಜಿ, ಹಾಗಾಗಿ 100ರ ಗುಳಿಗೆ ದಿನಕ್ಕೆ ಮೂರು, ಮೂರು ವಾರ. ಇದನ್ನು ವೈದ್ಯರೇ ಬರೆಯಬೇಕು, ಗರ್ಭಿಣಿಯರಿಗೆ ಕೊಡುವುದಿಲ್ಲ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದೊಳಗೆ ರಾತ್ರಿ ನಿದ್ದೆ ಬರುತ್ತದೆ, ಇಯೋಸಿನೊಫಿಲ್ ಲೆಕ್ಕ ಇಳಿಯತೊಡಗುತ್ತದೆ. ಈ ಇಳಿತವೇ ರೋಗ ಗುರುತಿಸುವ ಕೊನೆಯ ಸಾಕ್ಷಿ.

ಕೆಮ್ಮು ನಿಂತಿತು ಅಂತ ಐದನೇ ದಿನಕ್ಕೆ ಗುಳಿಗೆ ಬಿಡುವವರೂ ಇದ್ದಾರೆ. ಪೂರ್ತಿ ನುಂಗಿದವರಲ್ಲೂ ಕೆಲವರಿಗೆ ಮರುಕಳಿಸುತ್ತದೆ, ಯಾಕೆಂದರೆ ದೊಡ್ಡ ಹುಳಗಳೆಲ್ಲ ಡಿಇಸಿಗೆ ಸಾಯುವುದಿಲ್ಲ. ಆಗ ಇನ್ನೊಂದು ಸುತ್ತು ಕೊಡಬೇಕು. ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಉಸಿರಾಟ ಶಾಶ್ವತವಾಗಿ ಕುಂದಬಹುದು. ಮೂರು ವಾರವಾದರೂ ಏನೂ ಇಳಿಯದಿದ್ದರೆ ಕಾಯಿಲೆಯೇ ಬೇರೆ ಇರಬಹುದು. ಆಗ ಸುಮ್ನೆ ಸ್ಟೀರಾಯ್ಡ್ ಶುರು ಮಾಡಬಾರದು. ಅದು ಸಾಮಾನ್ಯವಾಗಿ ಯಾವ ಕಾರಣದ ಇಯೋಸಿನೊಫಿಲ್‌ ಆದರೂ ಇಳಿಸಿ ಮೂಲವನ್ನು ಮುಚ್ಚಿಹಾಕುತ್ತದೆ. ಕರುಳಿನಲ್ಲಿ ಸ್ಟ್ರಾಂಗೈಲಾಯ್ಡಿಸ್ ಹುಳ ಇದ್ದರೆ ಅದು ಮೈತುಂಬ ಹರಡಿ ಪ್ರಾಣಕ್ಕೇ ಬರಬಹುದು. ಮಲ ಪರೀಕ್ಷೆ ಸ್ಟೀರಾಯ್ಡ್ ಕೊಡುವ ಮೊದಲೇ ಆಗಬೇಕು.